ಮೊಟ್ಟೆಯ ನಡುವಿಗೆ ಸುದ್ದಿ ತಡವಾಗಿ ತಲುಪುತ್ತದೆ

ಹೋದ ಭಾನುವಾರ ಒಂದೇ ಪಾತ್ರೆಯಲ್ಲಿ ಎರಡು ಮೊಟ್ಟೆ ಬೇಯಿಸಿದೆ. ಎರಡೂ ಒಂದೇ ತೂಕದವು. ಎರಡನ್ನೂ ಒಟ್ಟಿಗೇ ಕುದಿಯುವ ನೀರಿಗೆ ಇಳಿಸಿ, ಹತ್ತೂವರೆ ನಿಮಿಷಕ್ಕೆ ಒಟ್ಟಿಗೇ ತೆಗೆದೆ. ಮೊದಲನೆಯದನ್ನು ಸಿಪ್ಪೆಯ ಸಮೇತ ಅಲ್ಲೇ ಚಾಕುವಿನಿಂದ ಎರಡು ಹೋಳು ಮಾಡಿದೆ. ಎರಡನೆಯದನ್ನು ನಲ್ಲಿಯ ತಣ್ಣೀರು ತುಂಬಿದ ಬೋಗುಣಿಯಲ್ಲಿ ಐದು ನಿಮಿಷ ಬಿಟ್ಟು ಆಮೇಲೆ ಕತ್ತರಿಸಿದೆ.

ಮೊದಲನೆಯದರ ಹಳದಿ ಗಟ್ಟಿಯಾಗಿತ್ತು. ಆದರೆ ನಡುವಿನಲ್ಲಿ ಇನ್ನೂ ಕಿತ್ತಳೆ ಬಣ್ಣ, ತುಸು ಅಂಟಂಟು. ಎರಡನೆಯದು ಪೂರ್ತಿ ತಿಳಿ ಹಳದಿ, ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಅಂದರೆ ತಣ್ಣೀರಿಗೆ ಹಾಕಿದ ಮೊಟ್ಟೆಯೇ ಜಾಸ್ತಿ ಬೆಂದಿತ್ತು!

ತಣ್ಣೀರು ಬೇಯಿಸುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಹಾಗಾದರೆ ಇದು ಹೇಗೆ? ಇದಕ್ಕೆ ಉತ್ತರ ಒಂದು ಹಳೆಯ ಲೆಕ್ಕದಲ್ಲಿದೆ. ಮೊಟ್ಟೆಯನ್ನು ಒಂದು ಗೋಳ ಅಂದುಕೊಂಡು, ಶಾಖ ಹೊರಗಿನಿಂದ ಒಳಕ್ಕೆ ಹೇಗೆ ಸಾಗುತ್ತದೆ ಅಂತ ನೋಡುವ ಲೆಕ್ಕ ಅದು. ಎಂಜಿನಿಯರಿಂಗ್ ಓದಿದವರು ಶಾಖ ವರ್ಗಾವಣೆಯ ಪಾಠದಲ್ಲಿ ಇದನ್ನು ಮಾಡಿರುತ್ತಾರೆ. ಬಹಳ ಜನ ಉತ್ತರ ತೆಗೆದು, ಕೆಳಗೆ ಗೆರೆ ಎಳೆದು ಮುಂದಕ್ಕೆ ಹೋಗುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆ ಉತ್ತರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಅಡುಗೆಮನೆಯಲ್ಲಿ ನಿಂತಾಗಲೇ ನನಗೆ ಸರಿಯಾಗಿ ತಿಳಿದದ್ದು.

ಮೊದಲು ಮೊಟ್ಟೆಯನ್ನು ಅಳೆಯೋಣ. ನನ್ನ ಮೊಟ್ಟೆ 5.5 ಸೆಂಟಿಮೀಟರ್ ಉದ್ದ, 4.2 ಸೆಂಟಿಮೀಟರ್ ಅಗಲ ಇತ್ತು. ತೂಕ 54 ಗ್ರಾಂ. ಇಷ್ಟೇ ಗಾತ್ರದ ಒಂದು ಚೆಂಡು ಮಾಡಿದರೆ ಅದರ ತ್ರಿಜ್ಯ ಸುಮಾರು 2.3 ಸೆಂಟಿಮೀಟರ್. ಮೊಟ್ಟೆ ಗೋಳವಲ್ಲ, ನಿಜ. ಆದರೆ ಶಾಖ ಎಲ್ಲ ಕಡೆಯಿಂದಲೂ ಒಳಗೆ ನುಗ್ಗುವುದರಿಂದ, ಇಷ್ಟು ಉದ್ದ ಅಗಲದ ವ್ಯತ್ಯಾಸಕ್ಕೆ ಉತ್ತರ ತೀರಾ ಕೆಡುವುದಿಲ್ಲ.

ಇನ್ನು ಬೇಕಾದದ್ದು, ಮೊಟ್ಟೆಯೊಳಗೆ ಶಾಖ ಎಷ್ಟು ಬೇಗ ಹರಡುತ್ತದೆ ಅನ್ನುವ ಅಂಕಿ. ಒಂದು ವಸ್ತು ಶಾಖವನ್ನು ಎಷ್ಟು ಚೆನ್ನಾಗಿ ದಾಟಿಸುತ್ತದೆ, ತಾನು ಬಿಸಿಯಾಗಲು ಎಷ್ಟು ಶಾಖ ಕುಡಿಯುತ್ತದೆ, ಇವೆರಡನ್ನೂ ಸೇರಿಸಿ ಈ ಅಂಕಿ ತೆಗೆಯುತ್ತಾರೆ. ಇದಕ್ಕೆ ಆಲ್ಫಾ ಅಂತ ಹೆಸರು. ಮೊಟ್ಟೆಗೆ ಇದು ಸೆಕೆಂಡಿಗೆ ಸುಮಾರು 0.0014 ಚದರ ಸೆಂಟಿಮೀಟರ್. ನೀರಿಗೂ ಹೆಚ್ಚುಕಡಿಮೆ ಇಷ್ಟೇ, ಯಾಕೆಂದರೆ ಮೊಟ್ಟೆಯಲ್ಲಿ ಇರುವುದು ಬಹುಪಾಲು ನೀರೇ. ಪಾತ್ರೆಯ ಅಲ್ಯೂಮಿನಿಯಂನಲ್ಲಿ ಶಾಖ ಹರಡುವ ಅಂಕಿ ಇದರ ಸುಮಾರು 700 ಪಟ್ಟು. ಮೊಟ್ಟೆ ಅಷ್ಟು ನಿಧಾನ.

ತ್ರಿಜ್ಯದ ವರ್ಗವನ್ನು ಆಲ್ಫಾದಿಂದ ಭಾಗಿಸಿದರೆ ಒಂದು ಸಮಯ ಸಿಗುತ್ತದೆ. ನಮ್ಮ ಮೊಟ್ಟೆಗೆ ಅದು 63 ನಿಮಿಷ. ಮೊಟ್ಟೆ ಬೇಯಲು ಒಂದು ಗಂಟೆ ಬೇಕೇ ಅಂತ ಗಾಬರಿಯಾಗಬೇಡಿ. ಗೋಳದ ಗಣಿತ ಇದನ್ನು ಪೈ ವರ್ಗದಿಂದ, ಅಂದರೆ ಸುಮಾರು 10ರಿಂದ ಭಾಗಿಸುತ್ತದೆ. ಆಗ ಉಳಿಯುವುದು 6.4 ನಿಮಿಷ. ಈ ಮೊಟ್ಟೆಯ ಗಡಿಯಾರ ಇದೇ. ಬೇರೆ ಏನೇ ಲೆಕ್ಕ ಮಾಡಿದರೂ ಈ 6.4ರಿಂದಲೇ ಗುಣಿಸಬೇಕು.

ಪೂರ್ತಿ ಸೂತ್ರ ಹೀಗಿದೆ:

```
t = R²/(π²·α) × ln[ 2 × (Tw − T0) / (Tw − Tc) ]
```

`Tw` ಕುದಿಯುವ ನೀರಿನ ಉಷ್ಣತೆ. `T0` ಹಾಕುವಾಗ ಮೊಟ್ಟೆ ಇದ್ದ ಉಷ್ಣತೆ. `Tc` ನಡುವಿಗೆ ತಲುಪಬೇಕಾದ ಉಷ್ಣತೆ. ಹಳದಿ 65 ಡಿಗ್ರಿ ಹೊತ್ತಿಗೆ ಮಂದವಾಗುತ್ತದೆ, 70ರ ಹೊತ್ತಿಗೆ ಗಟ್ಟಿಯಾಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮೊಟ್ಟೆ ಹೊರಗೆ ಬುಟ್ಟಿಯಲ್ಲಿತ್ತು, ಅದು 27 ಡಿಗ್ರಿ. ಇವನ್ನೆಲ್ಲ ಸೂತ್ರಕ್ಕೆ ಹಾಕಿದರೆ 10.5 ನಿಮಿಷ ಬರುತ್ತದೆ. ಭಾನುವಾರದ ಹತ್ತೂವರೆ ನಿಮಿಷ ಬಂದದ್ದು ಹೀಗೆ.

`ln` ನೋಡಿ ಹೆದರುವವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ನೀರಿಗೂ ಮೊಟ್ಟೆಯ ನಡುವಿಗೂ ಇರುವ ಅಂತರವನ್ನು ಮಾತ್ರ ನೋಡಿ. ಶುರುವಿನಲ್ಲಿ ಅದು 97 ಕಳೆದು 27, ಅಂದರೆ 70 ಡಿಗ್ರಿ. ಈ ಮೊಟ್ಟೆಯಲ್ಲಿ ಅಂತರ ಸುಮಾರು 4 ನಿಮಿಷ 25 ಸೆಕೆಂಡಿಗೊಮ್ಮೆ ಅರ್ಧವಾಗುತ್ತದೆ. 70 ಇದ್ದದ್ದು 35 ಆಗುತ್ತದೆ, 35 ಇದ್ದದ್ದು ಹದಿನೇಳೂವರೆ ಆಗುತ್ತದೆ. ನಮಗೆ ಬೇಕಾದ ಅಂತರ 97 ಕಳೆದು 70, ಅಂದರೆ 27 ಡಿಗ್ರಿ, ಅಲ್ವಾ? ಹಾಗಿದ್ದರೆ ಆರು ನಿಮಿಷಕ್ಕೇ ಕೆಲಸ ಮುಗಿಯಬೇಕಿತ್ತು.

ಮುಗಿಯುವುದಿಲ್ಲ, ಯಾಕೆಂದರೆ ಸೂತ್ರದೊಳಗೆ ಒಂದು 2 ಕೂತಿದೆ. ಅದು 70ನ್ನು 140 ಮಾಡುತ್ತದೆ. 140ರಿಂದ 70ಕ್ಕೆ ಇಳಿಯಲು ಒಂದು ಸುತ್ತು, ಅಂದರೆ ಇನ್ನೂ 4 ನಿಮಿಷ 25 ಸೆಕೆಂಡು ಬೇಕು. ಹೊರಗಿನ ಶಾಖ ನಡುವಿಗೆ ಮುಟ್ಟುವವರೆಗೆ ಹಳದಿಯ ನಡು ಸುಮ್ನೆ ಕೂತಿರುತ್ತದೆ. ಆ ಕಾಯುವ ಸಮಯವನ್ನೇ ಈ 2 ಹಿಡಿದಿಟ್ಟಿದೆ. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಗಮನವಿಟ್ಟು ನೋಡಬೇಕಾದ ಅಂಕಿ ಇದೇ.

ನಿಮಿಷ ನಿಮಿಷಕ್ಕೆ ನೋಡಿದರೆ ಇದು ಇನ್ನೂ ಸ್ಪಷ್ಟ. ಕುದಿಯುವ ನೀರಿಗೆ ಹಾಕಿ ಮೂರು ನಿಮಿಷ ಆದಾಗ ನಡು 27ರಿಂದ 29ಕ್ಕೆ ಮಾತ್ರ ಏರಿರುತ್ತದೆ. ಬರೀ ಎರಡು ಡಿಗ್ರಿ! ಐದು ನಿಮಿಷಕ್ಕೆ 39. ಎಂಟು ನಿಮಿಷಕ್ಕೆ 58. ಹತ್ತೂವರೆಗೆ 70. ಮೊದಲ ಮೂರು ನಿಮಿಷ ಏನೂ ಆಗುವುದಿಲ್ಲ, ಆಮೇಲೆ ಏರಿಕೆ ಜೋರು.

ಈ ಲೆಕ್ಕ ಕೈಯಲ್ಲಿದ್ದರೆ ಊರಿನ ಪ್ರಶ್ನೆಯೂ ಬಗೆಹರಿಯುತ್ತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಬೆಂಗಳೂರಿನಲ್ಲಿ 97ಕ್ಕೆ. ಮೂರು ಡಿಗ್ರಿ ಕಡಿಮೆ ಇರುವುದರಿಂದ ಇಲ್ಲಿ ಬಹಳ ಹೊತ್ತು ಬೇಕು ಅಂತ ಹೇಳುವವರಿದ್ದಾರೆ. ಸೂತ್ರಕ್ಕೆ ಹಾಕಿದರೆ ಮಂಗಳೂರಿಗೆ 10.1 ನಿಮಿಷ, ಬೆಂಗಳೂರಿಗೆ 10.5. ವ್ಯತ್ಯಾಸ ಅರ್ಧ ನಿಮಿಷಕ್ಕಿಂತ ಕಡಿಮೆ. ಅದೇ ಮೊಟ್ಟೆಯನ್ನು ಬೆಂಗಳೂರಿನಲ್ಲೇ ಫ್ರಿಜ್ಜಿನಿಂದ 4 ಡಿಗ್ರಿಯಲ್ಲಿ ತೆಗೆದು ನೇರ ಹಾಕಿದರೆ 12.3 ನಿಮಿಷ ಬೇಕು. ಅಂದರೆ ಘಟ್ಟ ಹತ್ತಿದ್ದಕ್ಕಿಂತ ಫ್ರಿಜ್ಜಿನ ಬಾಗಿಲು ತೆರೆದದ್ದೇ ದೊಡ್ಡ ವಿಷಯ. ಲೇಹ್‌ನಷ್ಟು ಎತ್ತರಕ್ಕೆ ಹೋದರೆ, ನೀರು 88 ಡಿಗ್ರಿ ಆಸುಪಾಸಿನಲ್ಲಿ ಕುದಿಯುವ ಕಡೆ, ಎತ್ತರದ ಲೆಕ್ಕ ಫ್ರಿಜ್ಜಿನ ಸಮಕ್ಕೆ ಬರುತ್ತದೆ.

ಗಾತ್ರಕ್ಕೂ ಬೆಲೆ ಕೊಡಬೇಕು. ಸಮಯ ತ್ರಿಜ್ಯದ ವರ್ಗದ ಜೊತೆ ಬೆಳೆಯುತ್ತದೆ. 45 ಗ್ರಾಂ ಮೊಟ್ಟೆಗಿಂತ 60 ಗ್ರಾಂ ಮೊಟ್ಟೆಗೆ ಐದನೇ ಒಂದು ಭಾಗ ಜಾಸ್ತಿ ಹೊತ್ತು ಬೇಕು. ಒಂದೇ ಟ್ರೇನಲ್ಲಿ ಇವೆರಡೂ ಇರುತ್ತವೆ. ಹತ್ತು ಗ್ರಾಂನ ಗೌಜುಗದ ಮೊಟ್ಟೆಗೆ ಇದೇ ಲೆಕ್ಕ ಮೂರೂವರೆ ನಿಮಿಷ ಹೇಳುತ್ತದೆ.

ಉರಿಗೆ ಮಾತ್ರ ಇಲ್ಲಿ ಜಾಗವೇ ಇಲ್ಲ. ಗ್ಯಾಸ್ ಜೋರು ಮಾಡಿ ನೀರು ಕೊತಕೊತ ಕುದಿಸಿದರೂ, ಸಣ್ಣ ಉರಿಯಲ್ಲಿ ಗುಳ್ಳೆ ಬರುವ ಹಾಗೆ ಇಟ್ಟರೂ ನೀರು 97ರ ಮೇಲೆ ಹೋಗುವುದಿಲ್ಲ. ನೀರಿನಿಂದ ಸಿಪ್ಪೆಗೆ ಶಾಖ ದಾಟುವುದು ಎರಡೂ ಸಲ ಸಾಕಷ್ಟು ವೇಗವಾಗಿಯೇ ಇರುತ್ತದೆ. ತಡ ಆಗುವುದು ಒಳಗೆ. ಅಲ್ಲಿ ನಮ್ಮ ಉರಿಯ ಆಟ ನಡೆಯುವುದಿಲ್ಲ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಗ್ಯಾಸ್ ಉಳಿಯುತ್ತದೆ.

ಈಗ ಸೂತ್ರ ಎಲ್ಲಿ ಕೈಕೊಡುತ್ತದೆ ಅಂತ ನೋಡೋಣ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಚಾರ್ಲ್ಸ್ ವಿಲಿಯಮ್ಸ್ ಅವರ ಸೂತ್ರ ಬಹಳ ಪ್ರಸಿದ್ಧ. ಅದು ನಡುವನ್ನು ನೋಡುವುದಿಲ್ಲ. ಬಿಳಿಯೂ ಹಳದಿಯೂ ಸೇರುವ ಗಡಿಯನ್ನು ನೋಡುತ್ತದೆ. ಆ ಗಡಿ 63 ಡಿಗ್ರಿ ಮುಟ್ಟಿದರೆ ಬಿಳಿ ಹಿಡಿದುಕೊಂಡಿರುತ್ತದೆ, ಹಳದಿ ಹರಿಯುತ್ತಿರುತ್ತದೆ. ಬ್ರೆಡ್ ಅದ್ದಿ ತಿನ್ನುವ ಮೊಟ್ಟೆ ಅದು. ಈ ಸೂತ್ರದಲ್ಲಿ 2ರ ಜಾಗದಲ್ಲಿ 0.76 ಇದೆ. ಅದು ಆಕಾಶದಿಂದ ಬಿದ್ದ ಅಂಕಿ ಅಲ್ಲ. ಹಳದಿ ಮೊಟ್ಟೆಯ ಮೂರನೇ ಒಂದು ಪಾಲು ಅಂತ ಹಿಡಿದರೆ, ಅದರ ಅಂಚು ನಡುವಿನಿಂದ ತ್ರಿಜ್ಯದ 0.69ರಷ್ಟು ದೂರ ಇರುತ್ತದೆ. ಗೋಳದ ಸೂತ್ರದಲ್ಲಿ ಆ ದೂರಕ್ಕೆ ಬರುವ ಅಂಕಿಯೇ 0.76.

ನಮ್ಮ 27 ಡಿಗ್ರಿಯ ಮೊಟ್ಟೆಗೆ ಇದನ್ನು ಹಾಕಿದರೆ 2.9 ನಿಮಿಷ ಬರುತ್ತದೆ. ನಂಬಿಕೊಂಡು ಹಾಗೇ ತೆಗೆದು ಒಡೆದರೆ ಗಡಿಯ ಹತ್ತಿರದ ಬಿಳಿ ಇನ್ನೂ ಲೋಳೆ ಲೋಳೆಯಾಗಿ ಜಾರುತ್ತದೆ.

ತಪ್ಪು ಎಲ್ಲಿದೆ ಅಂತ ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಸೂತ್ರವನ್ನು ಸೊನ್ನೆ ಸೆಕೆಂಡಿನಲ್ಲಿ ಕೇಳಿ ನೋಡಿ. ಮೊಟ್ಟೆ ಆಗ ತಾನೇ ನೀರಿಗೆ ಬಿದ್ದಿದೆ. ಗಡಿ ಎಷ್ಟು ಬಿಸಿ? 0.76ರ ಸೂತ್ರ 44 ಡಿಗ್ರಿ ಅನ್ನುತ್ತದೆ. 2ರ ಸೂತ್ರವನ್ನು ಕೇಳಿದರೆ ನಡು ಮೈನಸ್ 43 ಡಿಗ್ರಿ ಅನ್ನುತ್ತದೆ. ನಿಜವಾಗಿ ಎರಡೂ ಕಡೆ 27. ಅಂದರೆ ಶುರುವಿನ ಹೊತ್ತಿನಲ್ಲಿ ಈ ಸೂತ್ರಗಳ ಮಾತಿಗೆ ಅರ್ಥವಿಲ್ಲ.

ಕಾರಣ ಇಷ್ಟೇ. ಗೋಳದ ನಿಜವಾದ ಉತ್ತರದಲ್ಲಿ ಇರುವುದು ಒಂದೇ ಪದವಲ್ಲ, ಒಂದರ ಹಿಂದೆ ಒಂದು ಪದ ಕೂಡಿಸುತ್ತ ಹೋಗುವ ಮುಗಿಯದ ಸಾಲು ಅದು. ಮೊದಲ ಪದ ನಿಧಾನವಾಗಿ ಕರಗುತ್ತದೆ. ಎರಡನೆಯದು ಅದರ ನಾಲ್ಕು ಪಟ್ಟು ವೇಗದಲ್ಲಿ, ಮೂರನೆಯದು ಒಂಬತ್ತು ಪಟ್ಟು ವೇಗದಲ್ಲಿ. ಸ್ವಲ್ಪ ಹೊತ್ತು ಕಾದರೆ ಮೊದಲನೆಯದೊಂದೇ ಉಳಿಯುತ್ತದೆ. ಅದಕ್ಕೇ ಉಳಿದವನ್ನು ಕೈಬಿಟ್ಟು ಸಣ್ಣ ಸೂತ್ರ ಮಾಡುತ್ತಾರೆ. ಪಠ್ಯಪುಸ್ತಕದ ನಿಯಮದ ಪ್ರಕಾರ ಆ 63 ನಿಮಿಷದ ಐದನೇ ಒಂದು ಪಾಲು, ಅಂದರೆ ಸುಮಾರು 12.6 ನಿಮಿಷ, ಕಳೆದ ಮೇಲೆ ಹೀಗೆ ಮಾಡಬಹುದು. ಹತ್ತೂವರೆ ನಿಮಿಷ ಅದಕ್ಕೆ ಹತ್ತಿರವೇ ಇದೆ. ಅಲ್ಲಿ ಎರಡನೇ ಪದ ಸೇರಿಸಿದರೆ ವ್ಯತ್ಯಾಸ ಬರೀ 0.2 ಡಿಗ್ರಿ. ಆದರೆ ಮೂರು ನಿಮಿಷಕ್ಕೆ ಎರಡನೇ ಪದ ಇನ್ನೂ ಜೀವಂತ ಇರುತ್ತದೆ. ಅದನ್ನೂ ಸೇರಿಸಿ ನೋಡಿದರೆ 2.9 ನಿಮಿಷಕ್ಕೆ ಗಡಿ 63 ಅಲ್ಲ, 58ರ ಕೆಳಗೇ ಇದೆ. 63 ಮುಟ್ಟುವುದು ಮೂರೂವರೆ ನಿಮಿಷಕ್ಕೆ. ಮೂರು ನಿಮಿಷದ ಕೆಲಸದಲ್ಲಿ 40 ಸೆಕೆಂಡು ತಪ್ಪಿದರೆ ಅದು ಸಣ್ಣ ತಪ್ಪಲ್ಲ.

ಫ್ರಿಜ್ಜಿನ ಮೊಟ್ಟೆಯಾದರೆ ಈ ತಪ್ಪು ಕಡಿಮೆ. ಹೆಚ್ಚು ಹೊತ್ತು ಬೇಯಬೇಕಾದ್ದರಿಂದ ಎರಡನೇ ಪದ ಅಷ್ಟರಲ್ಲಿ ಕರಗಿರುತ್ತದೆ. ತಣ್ಣನೆಯ ದೇಶದ ತಣ್ಣನೆಯ ಮೊಟ್ಟೆಗೆ ಚೆನ್ನಾಗಿ ಕೂರುವ ಸೂತ್ರ ನಮ್ಮ ಬೇಸಿಗೆಯ ಬುಟ್ಟಿಯ ಮೊಟ್ಟೆಗೆ ಅಷ್ಟು ಚೆನ್ನಾಗಿ ಕೂರುವುದಿಲ್ಲ.

ಇನ್ನು ಭಾನುವಾರದ ಒಗಟಿಗೆ ಬರೋಣ. ಹತ್ತೂವರೆ ನಿಮಿಷಕ್ಕೆ ಮೊಟ್ಟೆಯ ನಡು 70 ಡಿಗ್ರಿ. ಆದರೆ ಸಿಪ್ಪೆ 97. ಇಡೀ ಮೊಟ್ಟೆಯ ಸರಾಸರಿ ತೆಗೆದರೆ ಸುಮಾರು 89. ನಡುವೇ ಎಲ್ಲಕ್ಕಿಂತ ತಣ್ಣಗಿರುವ ಜಾಗ. ಈಗ ತಣ್ಣೀರಿಗೆ ಹಾಕಿದೆವು ಅಂದುಕೊಳ್ಳಿ. ಸಿಪ್ಪೆ ತಕ್ಷಣ ತಣ್ಣಗಾಗುತ್ತದೆ. ನಡುವಿಗೆ ಅದು ಗೊತ್ತೇ ಆಗುವುದಿಲ್ಲ. ಬಿಸಿಯ ಸುದ್ದಿ ಬರಲು ಮೂರು ನಿಮಿಷ ತಗೊಂಡ ಹಾಗೆ ತಂಪಿನ ಸುದ್ದಿಗೂ ಅಷ್ಟೇ ಹೊತ್ತು ಬೇಕು. ಅಷ್ಟರವರೆಗೆ ಸುತ್ತಲಿನ 80, 85 ಡಿಗ್ರಿಯ ಪದರಗಳಿಂದ ಶಾಖ ಒಳಗೆ ಹರಿಯುತ್ತಲೇ ಇರುತ್ತದೆ.

ಇದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಬಿಸಿನೀರಿನ ಪರಿಣಾಮ ಹಾಗೇ ಮುಂದುವರಿದಿದೆ ಅಂತ ಹಿಡಿದು, ಅದರ ಮೇಲೆ ತಣ್ಣೀರಿನ ಪರಿಣಾಮವನ್ನು ಬೇರೆಯಾಗಿ ಲೆಕ್ಕ ಮಾಡಿ ಕಳೆಯಬೇಕು. ಬೋಗುಣಿಯ ನೀರು 20 ಡಿಗ್ರಿಯಲ್ಲೇ ಇರುತ್ತದೆ ಅಂತ ಹಿಡಿದೆ. ಎರಡು ನಿಮಿಷ ಆದಾಗ ತಣ್ಣೀರು ನಡುವಿನಿಂದ ಕಿತ್ತುಕೊಂಡದ್ದು ಒಂದು ಡಿಗ್ರಿಯ ಐದನೇ ಒಂದು ಭಾಗ. ಒಳಗಿನ ಶಾಖ ಅಷ್ಟರಲ್ಲಿ ನಡುವನ್ನು 70ರಿಂದ 77ಕ್ಕೆ ಏರಿಸಿರುತ್ತದೆ. ಮೂರು ನಿಮಿಷಕ್ಕೆ 78. ಅಲ್ಲಿಂದ ಇಳಿಯಲು ಶುರು. ಎರಡನೇ ಮೊಟ್ಟೆಯ ಹಳದಿ ಪುಡಿಪುಡಿ ಆದದ್ದು ಆ ಎಂಟು ಡಿಗ್ರಿಯಿಂದ. ಮೊದಲನೆಯದನ್ನು ತಕ್ಷಣ ಕತ್ತರಿಸಿದ್ದರಿಂದ ಅದು 70ರ ಹತ್ತಿರವೇ ನಿಂತಿತು. ತಣ್ಣೀರೂ ಇಲ್ಲದೆ ತಟ್ಟೆಯಲ್ಲಿ ಬಿಟ್ಟಿದ್ದರೆ ನಡು ಇನ್ನೂ ಮೇಲೆ ಹೋಗಿ, ಅಲ್ಲೇ ಬಹಳ ಹೊತ್ತು ಇರುತ್ತಿತ್ತು. ಹಳದಿಯ ಸುತ್ತ ಹಸಿರು ಬೂದಿ ಬಣ್ಣದ ಉಂಗುರ ಮೂಡುವುದು ಹೀಗೇ. ಬಿಳಿಯಲ್ಲಿರುವ ಗಂಧಕ ಹಳದಿಯ ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು. ಆ ಉಂಗುರ ಕಂಡರೆ ಬಿಸಿ ಬಹಳ ಹೊತ್ತು ಉಳಿದಿತ್ತು ಅಂತ ಗೊತ್ತಾಗುತ್ತದೆ.

ಹಾಗಾದರೆ ನಡು 70 ದಾಟಬಾರದು ಅಂದರೆ ಯಾವಾಗ ತೆಗೆಯಬೇಕು? ಲೆಕ್ಕವನ್ನು ಹಿಂದಕ್ಕೆ ಮಾಡಿದರೆ ಉತ್ತರ ಎಂಟು ನಿಮಿಷ. ಆಗ ನಡು ಇನ್ನೂ 58ರಲ್ಲಿ ಇರುತ್ತದೆ. ತಣ್ಣೀರಿಗೆ ಹಾಕಿ ಮೂರು ನಿಮಿಷ ಕಳೆದ ಮೇಲೆ ಅದು 70 ಮುಟ್ಟಿ ಇಳಿಯುತ್ತದೆ. ಅಂದರೆ ಕೊನೆಯ ಹನ್ನೆರಡು ಡಿಗ್ರಿ ಬೇಯುವುದು ತಣ್ಣೀರಿನಲ್ಲೇ. ಎಂಟು ನಿಮಿಷ ಸಾಕು ಅನ್ನುವ ಅಡುಗೆಯವರಿಗೂ ಹತ್ತೂವರೆ ಅನ್ನುವ ಸೂತ್ರಕ್ಕೂ ಜಗಳ ಇಲ್ಲ. ಸೂತ್ರ ಹೇಳುವುದು ನಡು ಯಾವಾಗ 70 ಮುಟ್ಟುತ್ತದೆ ಅಂತ. ಪಾತ್ರೆಯಿಂದ ಯಾವಾಗ ತೆಗೆಯಬೇಕು ಅಂತ ಅದು ಹೇಳಿಯೇ ಇಲ್ಲ.

2025ರ ಫೆಬ್ರವರಿಯಲ್ಲಿ ಇಟಲಿಯ ನೇಪಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕಮ್ಯುನಿಕೇಷನ್ಸ್ ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಒಂದು ವಿಧಾನ ಪ್ರಕಟಿಸಿದರು. ಸುದ್ದಿಯಲ್ಲಿ ಬಹಳ ಓಡಾಡಿತು. ಮೊಟ್ಟೆಯನ್ನು ಎರಡು ನಿಮಿಷ 100 ಡಿಗ್ರಿ ನೀರಿನಲ್ಲಿ, ಎರಡು ನಿಮಿಷ 30 ಡಿಗ್ರಿ ನೀರಿನಲ್ಲಿ, ಹೀಗೆ ಎಂಟು ಸಲ ಅದಲುಬದಲು ಮಾಡಬೇಕು. ಒಟ್ಟು 32 ನಿಮಿಷ. ಬಿಳಿ ಚೆನ್ನಾಗಿ ಬೇಯುತ್ತದೆ, ಹಳದಿ ಬೆಣ್ಣೆಯ ಹಾಗೆ ಉಳಿಯುತ್ತದೆ. ಇಷ್ಟೆಲ್ಲ ಯಾಕೆ ಅಂತ ಅನೇಕರು ನಕ್ಕರು. ನನಗೆ ಮಾತ್ರ ಅದು ಬಹಳ ಹಿಡಿಸಿತು, ಯಾಕೆಂದರೆ ಈ ತಡವಾಗಿ ತಲುಪುವ ಸುದ್ದಿಯನ್ನೇ ಅವರು ಕೆಲಸಕ್ಕೆ ಹಚ್ಚಿದ್ದಾರೆ. ಎರಡು ನಿಮಿಷದ ಬದಲಾವಣೆ ನಡುವಿಗೆ ತಲುಪುವುದೇ ಇಲ್ಲ ಅಂತ ಈಗ ತಾನೇ ನೋಡಿದೆವು. ಹಾಗಾಗಿ ಹಳದಿಗೆ ಕಾಣುವುದು 100 ಮತ್ತು 30ರ ಸರಾಸರಿಯ ಆಸುಪಾಸು ಮಾತ್ರ. ಸರಾಸರಿ 65. ಅವರ ಹಳದಿ ನಿಂತದ್ದು ಸುಮಾರು 67ರಲ್ಲಿ. ಹೊರಗಿನ ಬಿಳಿಗೆ ಮಾತ್ರ ಪ್ರತಿ ಸಲವೂ ಪೂರ್ತಿ ಬಿಸಿ ತಾಗುತ್ತದೆ. ಬಿಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವ ಪ್ರೋಟೀನು ಗಟ್ಟಿಯಾಗಲು 80 ಡಿಗ್ರಿಗೂ ಮೇಲೆ ಬೇಕು, ಅದು ಅಲ್ಲಿ ಸಿಗುತ್ತದೆ.

ಈ ಗೋಳದ ಲೆಕ್ಕ ನಡೆಯದ ಕಡೆಗಳೂ ಇವೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಮೊಟ್ಟೆಯನ್ನು ತಣ್ಣೀರಿಗೇ ಹಾಕಿ ಒಲೆ ಹಚ್ಚುತ್ತಾರೆ. ಆಗ ಸಿಪ್ಪೆಯ ಉಷ್ಣತೆ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ, ಸೂತ್ರಕ್ಕೆ ಹಿಡಿಯಲು ಒಂದು `Tw` ಇರುವುದಿಲ್ಲ. ನೀರು ಎಷ್ಟು, ಒಲೆ ಎಷ್ಟು ಜೋರು ಅನ್ನುವುದರ ಮೇಲೆ ಸಮಯ ನಿಲ್ಲುತ್ತದೆ. ಹಳದಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕೊಬ್ಬು ಇರುವುದರಿಂದ ಅಲ್ಲಿ ಶಾಖ ಬಿಳಿಗಿಂತ ನಿಧಾನವಾಗಿ ಹೋಗುತ್ತದೆ. ಲೆಕ್ಕ ಎರಡನ್ನೂ ಒಂದೇ ಅಂದುಕೊಳ್ಳುತ್ತದೆ. ಹಾಗಾಗಿ ಅರ್ಧ ನಿಮಿಷ ಆಚೆ ಈಚೆ ಆಗುವುದು ಸಹಜ.

ದೊಡ್ಡ ಪಾತ್ರೆಯಲ್ಲಿ ಇದು ಪೂರ್ತಿ ಬಿದ್ದುಹೋಗುತ್ತದೆ. ಶಾಲೆಯ ಬಿಸಿಯೂಟಕ್ಕೆ 300 ಮೊಟ್ಟೆ ಒಟ್ಟಿಗೆ ಹಾಕಿದರು ಅಂದುಕೊಳ್ಳಿ. ಅದು 16 ಕಿಲೋ ಮೊಟ್ಟೆ. ಇಷ್ಟನ್ನೂ ಹತ್ತೂವರೆ ನಿಮಿಷದಲ್ಲಿ ಬೇಯಿಸಬೇಕಾದರೆ ಒಲೆಯಿಂದ ಐದಾರು ಕಿಲೋವ್ಯಾಟ್ ಶಾಖ ನೀರಿಗೆ ಸೇರುತ್ತಲೇ ಇರಬೇಕು. ಮನೆಯ ಒಲೆಯಿಂದ ಅಷ್ಟು ಸಿಗುವುದಿಲ್ಲ. ಮೊಟ್ಟೆ ಬಿದ್ದ ತಕ್ಷಣ ಕುದಿ ನಿಂತುಹೋಗುತ್ತದೆ, ಬಹಳ ಹೊತ್ತು ವಾಪಸ್ ಬರುವುದಿಲ್ಲ. ಅಲ್ಲಿ ಸಮಯ ನಿರ್ಧಾರ ಮಾಡುವುದು ಮೊಟ್ಟೆಯ ತ್ರಿಜ್ಯ ಅಲ್ಲ, ಒಲೆಯ ಶಕ್ತಿ. ಕುದಿ ಎಷ್ಟು ಹೊತ್ತಿಗೆ ವಾಪಸ್ ಬಂತು ಅಂತ ನೋಡಿಕೊಂಡರೆ ಎರಡರಲ್ಲಿ ಯಾವ ಲೆಕ್ಕ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಅರ್ಧ ನಿಮಿಷದೊಳಗೆ ಬಂದರೆ ಗೋಳದ ಸೂತ್ರ ನಂಬಬಹುದು. ಐದು ನಿಮಿಷ ಆದರೂ ಬರದಿದ್ದರೆ ಒಂದು ಮೊಟ್ಟೆ ತೆಗೆದು ಒಡೆದು ನೋಡುವುದೇ ಸರಿ.

ನಿನ್ನೆ ಮತ್ತೆ ಮಾಡಿದೆ. 54 ಗ್ರಾಂ ಮೊಟ್ಟೆ, ಬುಟ್ಟಿಯದು. ಕುದಿಯುವ ನೀರಿಗೆ ಇಳಿಸಿ ಸರಿಯಾಗಿ ಎಂಟು ನಿಮಿಷ. ಆಮೇಲೆ ತಣ್ಣೀರಿನಲ್ಲಿ ಐದು ನಿಮಿಷ, ನಡುವೆ ಒಂದು ಸಲ ನೀರು ಬದಲಿಸಿದೆ. ಕತ್ತರಿಸಿದಾಗ ಹಳದಿ ಅಂಚಿನವರೆಗೂ ನಿಂತಿತ್ತು, ನಡುವಿನಲ್ಲಿ ಅದೇ ಕಿತ್ತಳೆ ಬಣ್ಣ, ಅದೇ ತುಸು ಅಂಟಂಟು.